ಐದೂವರೆ ಎನ್ನಲು ಕಲಿಯುವ ಯಂತ್ರ

ಕರೆಂಟ್ ಬಿಲ್ ಎಷ್ಟಾಗಿದೆ ಎಂದು ಗ್ರಾಹಕರೊಬ್ಬರು ಚಾಟ್‌ಬಾಟ್‌ನ್ನು ಕೇಳುತ್ತಾರೆ ಎಂದುಕೊಳ್ಳಿ. ಪರದೆಯ ಮೇಲೆ ಹೀಗೊಂದು ಉತ್ತರ ಮೂಡುತ್ತದೆ: “ನಿಮ್ಮ ಬಿಲ್ ₹1,250.50. 15-03-2025ರ ಸಂಜೆ 5.30ರವರೆಗೆ UPIಯಲ್ಲಿ ಕಟ್ಟಬಹುದು. ತೊಂದರೆಯಾದರೆ 1912ಕ್ಕೆ ಕರೆ ಮಾಡಿ.” ಕಣ್ಣಿನಿಂದ ಓದುವವರಿಗೆ ಇದರಲ್ಲಿ ತೊಡಕೇನೂ ಇಲ್ಲ. ಹಣ ಯಾವುದು, ತಾರೀಖು ಯಾವುದು, ಫೋನ್ ನಂಬರ್ ಯಾವುದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಇದೇ ಮೂರು ವಾಕ್ಯವನ್ನು ಮಾತಾಡುವ ಯಂತ್ರದ ಕೈಗೆ ನೇರವಾಗಿ ಕೊಟ್ಟರೆ ಕಥೆ ಬೇರೆ. ಒಂದು ಯಂತ್ರ ಅಲ್ಪವಿರಾಮದ ಹತ್ತಿರ ನಿಂತು “ಒಂದು... ಇನ್ನೂರ ಐವತ್ತು” ಎನ್ನುತ್ತದೆ. ಇನ್ನೊಂದು ಸಂಜೆಯ ಹೊತ್ತನ್ನು ಎರಡು ತುಂಡು ಮಾಡಿ “ಐದು. ಮೂವತ್ತು ರವರೆಗೆ” ಎನ್ನುತ್ತದೆ; ಆ ‘ರವರೆಗೆ’ ಯಾರಿಗೆ ಸೇರಿದ್ದೆಂದು ಕೇಳುವವರಿಗೆ ತಿಳಿಯುವುದಿಲ್ಲ. UPI ಎಂಬುದು ‘ಉಪಿ’ ಆಗುತ್ತದೆ. ಸಹಾಯವಾಣಿಯ ಸಂಖ್ಯೆ “ಸಾವಿರದ ಒಂಬೈನೂರ ಹನ್ನೆರಡು ಕ್ಕೆ” ಎಂದು ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ನಡೆಯುವ ತಪ್ಪು. ಕನ್ನಡ ಅಕ್ಷರಗಳನ್ನಷ್ಟೇ ಕಲಿತ ಎಷ್ಟೋ ಧ್ವನಿ ಮಾದರಿಗಳು ತಮ್ಮ ಪಟ್ಟಿಯಲ್ಲಿಲ್ಲದ ಚಿಹ್ನೆಯನ್ನು ನುಂಗಿಬಿಡುತ್ತವೆ. ಆಗ ಗ್ರಾಹಕರಿಗೆ ಕೇಳಿಸುವುದು “ನಿಮ್ಮ ಬಿಲ್. ಸಂಜೆ ಕಟ್ಟಬಹುದು” ಎಂಬಷ್ಟೇ. ದನಿ ಇಂಪಾಗಿರುತ್ತದೆ, ಹೇಳಬೇಕಾದ ಮೊತ್ತವೇ ಇರುವುದಿಲ್ಲ.

ಹೀಗಾಗದಂತೆ ನೋಡಿಕೊಳ್ಳುವ ಕೆಲಸಕ್ಕೆ ತಂತ್ರಜ್ಞರು ಟೆಕ್ಸ್ಟ್ ನಾರ್ಮಲೈಸೇಷನ್ ಎನ್ನುತ್ತಾರೆ. ಬರೆದದ್ದನ್ನು ಬಾಯಲ್ಲಿ ಹೇಗೆ ಹೇಳುತ್ತೇವೋ ಹಾಗೆ ಪೂರ್ತಿ ಅಕ್ಷರಗಳಲ್ಲಿ ಬಿಡಿಸಿ ಬರೆದು, ಆಮೇಲೆ ಧ್ವನಿ ಯಂತ್ರಕ್ಕೆ ಕೊಡುವುದು ಇದರ ಹುರುಳು. ಚಾಟ್‌ಬಾಟ್ ಉತ್ತರ ಬರೆದ ಮೇಲೆ, ಧ್ವನಿ ಹುಟ್ಟುವ ಮುನ್ನ ಈ ಹಂತ ಬರುತ್ತದೆ. ಪರದೆಗೆ ಒಂದು ಪಠ್ಯ, ಕಿವಿಗೆ ಇನ್ನೊಂದು ಪಠ್ಯ ಎಂದು ಇಲ್ಲಿ ದಾರಿ ಕವಲೊಡೆಯುತ್ತದೆ. ಪರದೆಯಲ್ಲಿ ₹1,250.50 ಎಂದೇ ಇರಬೇಕು, ಓದಲು ಅದೇ ಸುಲಭ. ಕಿವಿಗೆ ಹೋಗುವ ಪಠ್ಯದಲ್ಲಿ ಮಾತ್ರ ಒಂದೇ ಒಂದು ಅಂಕಿ, ಚಿಹ್ನೆ ಅಥವಾ ಇಂಗ್ಲಿಷ್ ಅಕ್ಷರ ಉಳಿಯಬಾರದು.

ಕನ್ನಡದ ಧ್ವನಿಗೆ ಈಗ ಕೊರತೆಯೇನಿಲ್ಲ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2022ರಲ್ಲಿ 13 ಭಾರತೀಯ ಭಾಷೆಗಳ ಧ್ವನಿ ಮಾದರಿಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು, ಅದರಲ್ಲಿ ಕನ್ನಡವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆ ಧ್ವನಿಮುದ್ರಣ ಸಂಗ್ರಹಿಸಿದ ಒಂಬತ್ತು ಭಾಷೆಗಳಲ್ಲಿ ಕನ್ನಡ ಒಂದು. ಇಂಥ ಮಾದರಿಗಳು ಕಲಿಯುವುದು ಒಬ್ಬರು ಕೂತು ಓದಿದ ವಾಕ್ಯಗಳಿಂದ. ಆ ವಾಕ್ಯಗಳು ಬಹುಪಾಲು ಅಚ್ಚ ಅಕ್ಷರಗಳಲ್ಲಿರುತ್ತವೆ. ಹಾಗಾಗಿ ‘ಸಾವಿರದ ಇನ್ನೂರ ಐವತ್ತು’ ಎಂದು ಬರೆದುಕೊಟ್ಟರೆ ಸೊಗಸಾಗಿ ಹೇಳುವ ಯಂತ್ರ ‘1,250’ ಎಂದು ಕಂಡರೆ ತಡವರಿಸುತ್ತದೆ.

ಮೊದಲು ಕಸ ಗುಡಿಸಬೇಕು

ಬಿಡಿಸಿ ಬರೆಯುವ ಮೊದಲು ಪಠ್ಯವನ್ನು ಹಸನು ಮಾಡಬೇಕು. ಕನ್ನಡದಲ್ಲಿ ಇದಕ್ಕೆ ಒಂದು ವಿಶೇಷ ಕಾರಣವಿದೆ. ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ನೋಡಲು ಹೆಚ್ಚುಕಡಿಮೆ ಒಂದೇ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ: ಯುನಿಕೋಡ್‌ನಲ್ಲಿ ಅನುಸ್ವಾರ `U+0C82`, ಸೊನ್ನೆ `U+0CE6`. ಹಳೆಯ ಕಡತಗಳಿಂದ ಬಂದ, ಅವಸರದಲ್ಲಿ ಬೆರಳಚ್ಚಾದ ಪಠ್ಯಗಳಲ್ಲಿ ‘ಬೆಂಗಳೂರು’ ಎಂಬಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಕೂತಿರುವುದು ಹೊಸತೇನಲ್ಲ. ಕಣ್ಣಿಗೆ ‘ಬೆ೦ಗಳೂರು’ ಸರಿಯಾಗಿಯೇ ಕಾಣುತ್ತದೆ. ಯಂತ್ರ ಮಾತ್ರ ‘ಬೆ ಸೊನ್ನೆ ಗಳೂರು’ ಎಂದು ಓದುತ್ತದೆ. ಇದರ ತಿರುವುಮುರುವೂ ಉಂಟು: ಹತ್ತು ಎಂದು ಬರೆಯಲು ೧ರ ಪಕ್ಕ ಅನುಸ್ವಾರ ಹಾಕಿರುತ್ತಾರೆ. ಮದ್ದು ಸರಳ. ಅಕ್ಷರದ ಬೆನ್ನಿಗೆ ಸೊನ್ನೆ ಬಂದು ಅದರ ಮುಂದೆಯೂ ಅಕ್ಷರವೇ ಇದ್ದರೆ ಅದು ಅನುಸ್ವಾರ; ಅಂಕಿಯ ಬೆನ್ನಿಗೆ ಅನುಸ್ವಾರ ಬಂದರೆ ಅದು ಸೊನ್ನೆ.

ಕಣ್ಣಿಗೆ ಕಾಣದ ಇನ್ನೊಂದು ಚಿಹ್ನೆಯೂ ಇದೆ. ‘ಚಾಟ್‌ಬಾಟ್’ ಎಂದು ಬರೆಯುವಾಗ ಟಕಾರದ ಕೆಳಗೆ ಬಕಾರ ಒತ್ತಕ್ಷರವಾಗಿ ಸೇರಿಕೊಳ್ಳದಿರಲಿ ಎಂದು ನಡುವೆ ಒಂದು ಅಗೋಚರ ಗುರುತು ಹಾಕುತ್ತೇವೆ, `U+200C`. ಒಬ್ಬರು ಅದನ್ನು ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ನಿಘಂಟಿನಲ್ಲಿ ಹುಡುಕುವಾಗ ಎರಡೂ ಒಂದೇ ಪದವೆಂದು ಎಣಿಸದಿದ್ದರೆ ‘ಬ್ಯಾಂಕ್‌ನಲ್ಲಿ’ ಎಂಬ ಪದ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ.

ಪ್ರೋಗ್ರಾಂ ಬರೆಯುವವರು ಎಡವುವ ಕಲ್ಲೂ ಇಲ್ಲೇ ಇದೆ. ಪದದ ಅಂಚನ್ನು ಗುರುತಿಸಲು ಪೈಥಾನ್‌ನಲ್ಲಿ `\b` ಎಂಬ ಗುರುತು ಬಳಸುವುದು ವಾಡಿಕೆ. ಇಂಗ್ಲಿಷಿಗೆ ಅದು ಸರಿ. ಆದರೆ ಅದರ `re` ಗ್ರಂಥಾಲಯ ಕನ್ನಡದ ಗುಣಿತ ಚಿಹ್ನೆಗಳನ್ನು ಅಕ್ಷರವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಕಿ’ ಎಂಬುದರ ಕಕಾರ ಮುಗಿದು ಗುಡಿಸು ಬರುವಲ್ಲೇ ಪದ ಮುಗಿಯಿತೆಂದು ಅದು ತಿಳಿಯುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನಿಯಮಗಳು ಕನ್ನಡದ ಪದಗಳನ್ನು ನಡುವೆ ಕತ್ತರಿಸುವುದು ಈ ಕಾರಣಕ್ಕೆ.

ಒಂದೇ 1912, ಎರಡು ಓದು

ಹಸನಾದ ಪಠ್ಯದಲ್ಲಿ ಮುಂದಿನ ಕೆಲಸ ಪ್ರತಿಯೊಂದು ಅಂಕಿ-ಚಿಹ್ನೆಗೂ ಜಾತಿ ಹಚ್ಚುವುದು: ಇದು ಹಣ, ಇದು ತಾರೀಖು, ಇದು ಹೊತ್ತು, ಇದು ಬಿಡಿಬಿಡಿಯಾಗಿ ಓದುವ ಸಂಖ್ಯೆ. ರಿಚರ್ಡ್ ಸ್ಪ್ರೋಟ್ ಮತ್ತು ಸಂಗಡಿಗರು 2001ರಲ್ಲಿ ಇಂಗ್ಲಿಷಿಗಾಗಿ ಇಂಥ ವರ್ಗೀಕರಣವೊಂದನ್ನು ಪ್ರಕಟಿಸಿದರು, ಈ ಕ್ಷೇತ್ರದವರು ಇಂದಿಗೂ ಅದೇ ಜಾಡಿನಲ್ಲಿ ನಡೆಯುತ್ತಾರೆ. ಕರೆಂಟ್ ಬಿಲ್ಲಿನ ಉತ್ತರಕ್ಕೆ ಈ ಹಂತದಲ್ಲಿ ಹಚ್ಚುವ ಗುರುತುಗಳು ಹೀಗಿರುತ್ತವೆ:

```
₹1,250.50     MONEY
15-03-2025ರ   DATE   + ರ
5.30ರವರೆಗೆ    TIME   + ರವರೆಗೆ
UPIಯಲ್ಲಿ       LETTERS + ಯಲ್ಲಿ
1912ಕ್ಕೆ       DIGITS + ಕ್ಕೆ
```

ಜಾತಿ ಹಚ್ಚುವುದಕ್ಕೆ ಅಂಕಿಯೊಂದೇ ಸಾಲದು, ಅಕ್ಕಪಕ್ಕದ ಮಾತು ಬೇಕು. “1912ರಲ್ಲಿ ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾದರು” ಎಂಬಲ್ಲಿ ಅದು ಇಸವಿ. ‘ಸಾವಿರದ ಒಂಬೈನೂರ ಹನ್ನೆರಡರಲ್ಲಿ’ ಎಂದೇ ಓದಬೇಕು. “1912ಕ್ಕೆ ಕರೆ ಮಾಡಿ” ಎಂಬಲ್ಲಿ ಅದು ವಿದ್ಯುತ್ ಸಹಾಯವಾಣಿ. ಒಂದೊಂದೇ ಅಂಕಿ ಹೇಳಬೇಕು. ‘ಕರೆ’, ‘ಸಂಪರ್ಕಿಸಿ’, ‘ಸಹಾಯವಾಣಿ’ ಎಂಬ ಪದಗಳು ಹತ್ತಿರದಲ್ಲಿದ್ದರೆ ಫೋನ್; ‘ರಲ್ಲಿ’, ‘ಇಸವಿ’, ‘ಕ್ರಿ.ಶ.’ ಇದ್ದರೆ ವರ್ಷ, ‘ರೂ.’ ಇದ್ದರೆ ಹಣ.

ಚುಕ್ಕಿಯ ಪಾಡೂ ಇದೇ. ಬಿಲ್ಲಿನ ಆ ಪುಟ್ಟ ಉತ್ತರದಲ್ಲಿ ಐದು ಚುಕ್ಕಿಗಳಿವೆ. ಮೂರು ವಾಕ್ಯ ಮುಗಿಸುತ್ತವೆ, ಒಂದು ರೂಪಾಯಿಯನ್ನೂ ಪೈಸೆಯನ್ನೂ ಬೇರ್ಪಡಿಸುತ್ತದೆ, ಇನ್ನೊಂದು ಗಂಟೆಯನ್ನೂ ನಿಮಿಷವನ್ನೂ. ಇಂಗ್ಲಿಷಿನಲ್ಲಿ ಹೊತ್ತಿಗೆ 5:30 ಎಂದು ಎರಡು ಚುಕ್ಕಿ ಇಡುವುದರಿಂದ ಗೊಂದಲ ಕಡಿಮೆ. ಕನ್ನಡ ಪತ್ರಿಕೆಗಳಲ್ಲಿ 5.30 ಎಂದು ಒಂದೇ ಚುಕ್ಕಿ ಇಡುವ ರೂಢಿ ಇರುವುದರಿಂದ ‘ಸಂಜೆ 5.30’ ಮತ್ತು ‘5.30 ಕಿ.ಮೀ.’ ಎರಡೂ ಒಂದೇ ವೇಷದಲ್ಲಿ ಬರುತ್ತವೆ. ಮುಂದೆ ‘ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ’ ಇವುಗಳಲ್ಲೊಂದು ಇದ್ದರೆ, ಚುಕ್ಕಿಯ ಬಲಗಡೆ 60ಕ್ಕಿಂತ ಕಡಿಮೆ ಇರುವ ಎರಡು ಅಂಕಿ ಇದ್ದರೆ ಅದು ಹೊತ್ತು. ಹಿಂದೆ ಅಳತೆಯ ಪದ ಬಂದರೆ ದಶಮಾಂಶ.

ಬಾಲ ಬದಲಾಗುವ ಅಂಕಿಗಳು

ಕನ್ನಡದ ನಿಜವಾದ ಸವಾಲು ಇರುವುದು ಇದರ ಮುಂದೆ. ಅಂಕಿಯನ್ನು ಪದ ಮಾಡುವುದು ಅಷ್ಟು ಕಷ್ಟವಲ್ಲ. ಹಿಂದಿಯಲ್ಲಿ ಒಂದರಿಂದ ತೊಂಬತ್ತೊಂಬತ್ತರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. ಕನ್ನಡದಲ್ಲಿ ಇಪ್ಪತ್ತು ದಾಟಿದರೆ ಸಂಧಿಯೇ ದಾರಿ ತೋರಿಸುತ್ತದೆ. ಒಂದರಿಂದ ಒಂಬತ್ತರವರೆಗಿನ ಹೆಸರುಗಳಲ್ಲಿ ವ್ಯಂಜನದಿಂದ ಶುರುವಾಗುವುದು ಮೂರು ಮತ್ತು ನಾಲ್ಕು ಮಾತ್ರ, ಉಳಿದ ಏಳಕ್ಕೂ ಸ್ವರವೇ ಮೊದಲು. ಹಾಗಾಗಿ ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತೈದು ಎಲ್ಲವೂ ಲೋಪಸಂಧಿಯಲ್ಲಿ ತಾವಾಗಿಯೇ ಆಗುತ್ತವೆ. ಮೂರು, ನಾಲ್ಕಕ್ಕೆ ‘ಇಪ್ಪತ್ಮೂರು’ ಎನ್ನಬೇಕೋ ‘ಇಪ್ಪತ್ತಮೂರು’ ಎನ್ನಬೇಕೋ ಎಂದು ಒಂದು ತೀರ್ಮಾನ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಪಾಲಿಸಿದರೆ ಸಾಕು.

ನೂರರ ಮೇಲೆ ಸ್ವಲ್ಪ ಎಚ್ಚರ ಬೇಕು. ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರು ಎಂಬ ರೂಪಗಳನ್ನು ಪಟ್ಟಿಯಲ್ಲೇ ಇಡಬೇಕು. ಮುಂದೆ ಇನ್ನೂ ಸಂಖ್ಯೆ ಬಾಕಿ ಇದ್ದರೆ ‘ನೂರು’ ಹೋಗಿ ‘ನೂರ’ ಆಗುತ್ತದೆ, ‘ಸಾವಿರ’ ಹೋಗಿ ‘ಸಾವಿರದ’, ‘ಲಕ್ಷ’ ಹೋಗಿ ‘ಲಕ್ಷದ’. ‘ಕೋಟಿ’ ಮಾತ್ರ ‘ಒಂದು ಕೋಟಿ ಇಪ್ಪತ್ತು ಲಕ್ಷ’ ಎಂದು ಹಾಗೆಯೇ ನಿಲ್ಲುತ್ತದೆ. ಈ ನಾಲ್ಕೈದು ನಿಯಮ ಬರೆದರೆ 1,250 ಎಂಬುದು ‘ಸಾವಿರದ ಇನ್ನೂರ ಐವತ್ತು’ ಎಂದು ಸಲೀಸಾಗಿ ಬರುತ್ತದೆ. ರೂಪಾಯಿ ಚಿಹ್ನೆ ಬರಹದಲ್ಲಿ ಮುಂದೆ ಇದ್ದರೂ ಮಾತಿನಲ್ಲಿ ಹಿಂದೆ ಹೋಗಬೇಕು. ₹1.50 ಎಂದರೆ ‘ಒಂದು ರೂಪಾಯಿ ಐವತ್ತು ಪೈಸೆ’. ₹1.5 ಲಕ್ಷ ಎಂದರೆ ಆ ಚಿಹ್ನೆ ಲಕ್ಷವನ್ನೂ ಹಾರಿ ಆಚೆ ಇಳಿಯಬೇಕು: ‘ಒಂದೂವರೆ ಲಕ್ಷ ರೂಪಾಯಿ’.

ತೊಡಕು ಶುರುವಾಗುವುದು ಅಂಕಿಗೆ ಅಂಟಿಕೊಂಡ ವಿಭಕ್ತಿಯಿಂದ. ಬರೆಯುವಾಗ 5ಕ್ಕೆ, 5ರಲ್ಲಿ, 5ನೇ ಎಂದು ಅಂಕಿಯ ಬೆನ್ನಿಗೆ ಬಾಲ ಹಚ್ಚಿಬಿಡುತ್ತೇವೆ. ಹೇಳುವಾಗ ‘ಐದು’ ತನ್ನ ಕೊನೆಯ ಉಕಾರ ಬಿಟ್ಟುಕೊಟ್ಟು ಐದಕ್ಕೆ, ಐದರಲ್ಲಿ, ಐದನೇ ಆಗುತ್ತದೆ. ‘ಐದು ಕ್ಕೆ’ ಎಂದು ಬಿಡಿಸಿ ಹೇಳುವ ಯಂತ್ರವನ್ನು ಕೇಳಿದವರಿಗೆ ಇದು ಕನ್ನಡ ಬಾರದ ಯಂತ್ರ ಎಂದು ಆ ಒಂದು ಪದದಲ್ಲೇ ತಿಳಿಯುತ್ತದೆ.

ಹಾಗಿದ್ದರೆ ಕೊನೆಯ ಉಕಾರ ತೆಗೆದು ಬಾಲ ಅಂಟಿಸಿದರೆ ಆಯಿತೇ? 2025ರಲ್ಲಿ ಎಂಬುದಕ್ಕೆ ಆ ಉಪಾಯ ಸಾಕು: ‘ಎರಡು ಸಾವಿರದ ಇಪ್ಪತ್ತೈದರಲ್ಲಿ’. ಆದರೆ 2000ರಲ್ಲಿ ಎಂದು ಬರೆದದ್ದು ಬಾಯಲ್ಲಿ ‘ಎರಡು ಸಾವಿರದಲ್ಲಿ’ ಆಗುತ್ತದೆ. ಬರಹದಲ್ಲಿದ್ದ ರಕಾರ ಮಾತಿನಲ್ಲಿ ದಕಾರವಾಯಿತು. ಸಾವಿರ, ಲಕ್ಷ ಅಕಾರದಲ್ಲಿ ಮುಗಿಯುವ ಪದಗಳಾದ್ದರಿಂದ ಅವು ಮರ, ಊಟಗಳ ಹಾಗೆ ನಡೆಯುತ್ತವೆ. ಐದು, ನೂರುಗಳ ಹಾಗೆ ನಡೆಯುವುದಿಲ್ಲ. ಕೋಟಿಯದು ಮೂರನೆಯ ದಾರಿ: ಕೋಟಿಗೆ, ಕೋಟಿಯಲ್ಲಿ.

ಹೊತ್ತು ಹೇಳುವಾಗ ಈ ಆಟ ಇನ್ನೂ ಚೆಲುವಾಗುತ್ತದೆ. ಸಂಜೆ 5.30ಕ್ಕೆ ಎಂದು ಬರೆದವರ ಮನಸ್ಸಿನಲ್ಲಿದ್ದದ್ದು ‘ಮೂವತ್ತಕ್ಕೆ’ ಎಂಬ ಓದು, ಅದಕ್ಕೇ ‘ಕ್ಕೆ’ ಬಂತು. ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ‘ಐದೂವರೆಗೆ’ ಎನ್ನುತ್ತಾರೆ. ವರೆ ಎಕಾರಾಂತವಾದ್ದರಿಂದ ‘ಕ್ಕೆ’ ಹೋಗಿ ‘ಗೆ’ ಬಂತು. 5.15ಕ್ಕೆ ಎಂಬುದು ‘ಐದೂಕಾಲಿಗೆ’. ಕಾಲು ಉಕಾರದಲ್ಲಿ ಮುಗಿದರೂ ಐದರ ಹಾಗೆ ‘ಕಾಲಕ್ಕೆ’ ಆಗುವುದಿಲ್ಲ, ಆದರೆ ಅರ್ಥವೇ ಬೇರೆಯಾದೀತು. 5.45ಕ್ಕೆ ಎಂದರೆ ‘ಐದೂ ಮುಕ್ಕಾಲಿಗೆ’. 5.20ಕ್ಕೆ ಮಾತ್ರ ‘ಐದು ಇಪ್ಪತ್ತಕ್ಕೆ’ ಎಂದು ಹಳೆಯ ಬಾಲವನ್ನೇ ಉಳಿಸಿಕೊಳ್ಳುತ್ತದೆ. ಬಿಲ್ಲಿನಲ್ಲಿದ್ದ ‘5.30ರವರೆಗೆ’ ಎಂಬುದು ‘ಐದೂವರೆಯವರೆಗೆ’ ಆಗಬೇಕು. ಇಲ್ಲಿ ಬಾಲವನ್ನು ಸರಿಯಾಗಿ ಹಚ್ಚದೆ ‘ಐದೂವರೆಗೆ’ ಎಂದು ಬಿಟ್ಟರೆ ಐದೂವರೆಯೊಳಗೆ ಕಟ್ಟಬಹುದು ಎಂಬುದು ಐದೂವರೆಗೆ ಸರಿಯಾಗಿ ಕಟ್ಟಬಹುದು ಎಂದಾಗಿಬಿಡುತ್ತದೆ.

ಆದ್ದರಿಂದ ಅನುಭವಿಗಳು ಬರೆದ ಬಾಲವನ್ನು ಹಾಗೆಯೇ ಅಂಟಿಸುವುದಿಲ್ಲ. ಬಾಲ ನೋಡಿ ವಿಭಕ್ತಿ ಯಾವುದೆಂದು ತಿಳಿದುಕೊಂಡು ಅದನ್ನು ಕಿತ್ತು ಪಕ್ಕಕ್ಕಿಡುತ್ತಾರೆ. ಅಂಕಿಯನ್ನು ಪದ ಮಾಡುತ್ತಾರೆ. ಆ ಪದದ ಕೊನೆಯ ತುಂಡು ಯಾವುದೆಂದು ನೋಡಿ, ಅದಕ್ಕೆ ಒಗ್ಗುವ ಪ್ರತ್ಯಯವನ್ನು ಹೊಸದಾಗಿ ಹಚ್ಚುತ್ತಾರೆ. ಕೊನೆಯ ತುಂಡುಗಳ ಪಟ್ಟಿ ದೊಡ್ಡದೇನಲ್ಲ: ಒಂದರಿಂದ ಹತ್ತೊಂಬತ್ತು, ಹತ್ತುಗಳು, ನೂರು, ಸಾವಿರ, ಲಕ್ಷ, ಕೋಟಿ, ಕಾಲು, ವರೆ, ಮುಕ್ಕಾಲು. ವಿಭಕ್ತಿಗಳೂ ಬೆರಳೆಣಿಕೆಯವು. ಒಂದು ಕಾಗದದ ಎರಡು ಮಗ್ಗುಲಲ್ಲಿ ಬರೆಯಬಹುದಾದ ಕೋಷ್ಟಕ ಇದು.

ತಾರೀಖಿನಲ್ಲಿ ಬಾಲ ಎರಡಾಗುತ್ತದೆ. ‘15-03-2025ರ ಸಂಜೆ’ ಎಂಬಲ್ಲಿ ಬರೆದದ್ದು ಒಂದೇ ‘ರ’. ಹೇಳುವಾಗ ವರ್ಷ ಮುಂದೆ ಬಂದು ‘ಎರಡು ಸಾವಿರದ ಇಪ್ಪತ್ತೈದರ ಮಾರ್ಚ್ ಹದಿನೈದರ ಸಂಜೆ’ ಆಗುತ್ತದೆ.

ಇನ್ನು ಮನುಷ್ಯರನ್ನು ಎಣಿಸುವ ರೀತಿಯೇ ಬೇರೆ. ಪಡಿತರ ಚೀಟಿಯ ಬಗ್ಗೆ ಕೇಳಿದಾಗ “ನಿಮ್ಮ ಚೀಟಿಯಲ್ಲಿ 4 ಸದಸ್ಯರಿದ್ದಾರೆ” ಎಂದು ಚಾಟ್‌ಬಾಟ್ ಬರೆಯುತ್ತದೆ. ‘ನಾಲ್ಕು ಸದಸ್ಯರು’ ಎಂದರೆ ಕಿವಿಗೆ ಚುಚ್ಚುತ್ತದೆ, ‘ನಾಲ್ವರು ಸದಸ್ಯರು’ ಎನ್ನಬೇಕು. ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು ಆದ ಮೇಲೆ ‘ಆರು ಮಂದಿ’ ಎಂದು ದಾರಿ ಬದಲಾಗುತ್ತದೆ. ಇದಕ್ಕೆ ಯಾವ ನಾಮಪದಗಳು ಮನುಷ್ಯರನ್ನು ಸೂಚಿಸುತ್ತವೆ ಎಂಬ ಪಟ್ಟಿ ಬೇಕು: ರೈತರು, ಮಕ್ಕಳು, ವಿದ್ಯಾರ್ಥಿಗಳು, ಫಲಾನುಭವಿಗಳು. ಆ ಪದ ಅಂಕಿಗೆ ತಾಗಿಯೇ ಇರದೆ “3 ಸಣ್ಣ ರೈತರು” ಎಂದು ನಡುವೆ ವಿಶೇಷಣ ಬಂದರೂ ಹಿಡಿಯಬೇಕು.

‘ದಿ.’ ಎಂದರೆ ದಿನಾಂಕವೋ ದಿವಂಗತವೋ

ಸಂಕ್ಷಿಪ್ತ ರೂಪಗಳಲ್ಲಿ ಬಹುಪಾಲು ಪಟ್ಟಿಗೆ ಬಗ್ಗುತ್ತವೆ. ಕಿ.ಮೀ. ಎಂದರೆ ಕಿಲೋಮೀಟರ್, ಡಾ. ಎಂದರೆ ಡಾಕ್ಟರ್. ‘ಶೇ. 20ರಷ್ಟು’ ಎಂಬುದು ‘ಶೇಕಡ ಇಪ್ಪತ್ತರಷ್ಟು’. ಬಗ್ಗದಿರುವವು ಕೆಲವೇ, ಆದರೆ ಅವು ಮಾಡುವ ಅನಾಹುತ ದೊಡ್ಡದು. ‘ದಿ. 12-4-2025’ ಎಂಬಲ್ಲಿ ‘ದಿ.’ ದಿನಾಂಕ. ಅದೇ ‘ದಿ.’ ಒಬ್ಬರ ಹೆಸರಿನ ಹಿಂದೆ ಬಂದರೆ ದಿವಂಗತ. ಪಟ್ಟಿಯಲ್ಲಿ ಒಂದೇ ಅರ್ಥ ಬರೆದಿಟ್ಟರೆ ಯಂತ್ರ ಎಂದಾದರೊಂದು ದಿನ ತಾರೀಖಿಗೆ ದಿವಂಗತ ಎಂದೀತು. ‘ತಾ.’ ಕೂಡ ಹಾಗೆಯೇ, ಅಂಕಿಯ ಹಿಂದೆ ತಾರೀಖು, ಊರಿನ ವಿಳಾಸದಲ್ಲಿ ತಾಲ್ಲೂಕು. ಮುಂದಿನ ಪದ ಅಂಕಿಯೋ ಹೆಸರೋ ಎಂದು ನೋಡುವ ಒಂದು ಸಾಲಿನ ನಿಯಮ ಇದನ್ನು ತಪ್ಪಿಸುತ್ತದೆ.

ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರುವ ಹೆಸರುಗಳಿಗೆ ಇಂಥ ನಿಯಮವೂ ಇಲ್ಲ. UPI, OTP, BMTC ಇವನ್ನು ಅಕ್ಷರ ಬಿಡಿಸಿ ಹೇಳುತ್ತೇವೆ. BESCOM, NIMHANS, HOPCOMS ಇವನ್ನು ಬೆಸ್ಕಾಂ, ನಿಮ್ಹಾನ್ಸ್, ಹಾಪ್‌ಕಾಮ್ಸ್ ಎಂದು ಪದವಾಗಿಯೇ ಹೇಳುತ್ತೇವೆ. PAN ಪದ, ATM ಅಕ್ಷರ. ಕಾರಣ ಹುಡುಕಿ ಪ್ರಯೋಜನವಿಲ್ಲ, ಜನರ ಬಾಯಲ್ಲಿ ಹಾಗೆ ಬಂದಿದೆ. ಆದ್ದರಿಂದ ಪದವಾಗಿ ಓದುವವುಗಳ ಪಟ್ಟಿ ಮಾಡಿ, ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಅಕ್ಷರ ಬಿಡಿಸಿ ಓದುವುದು ಸುರಕ್ಷಿತ ದಾರಿ. ಅಕ್ಷರ ಬಿಡಿಸಿ ಓದಿದರೆ ಕಿವಿಗೆ ಒರಟಾದರೂ ವಿಷಯ ತಿಳಿಯುತ್ತದೆ. ‘ಉಪಿ’ ಎಂದರೆ ಏನೂ ತಿಳಿಯುವುದಿಲ್ಲ.

ಇಂಗ್ಲಿಷ್ ಪದ, ಕನ್ನಡದ ನಾಲಿಗೆ

ಚಾಟ್‌ಬಾಟ್‌ಗಳು “ನಿಮ್ಮ account active ಆಗಿದೆ” ಎಂಬಂಥ ವಾಕ್ಯಗಳನ್ನು ಧಾರಾಳವಾಗಿ ಬರೆಯುತ್ತವೆ. ಕನ್ನಡ ಧ್ವನಿಗೆ ಇಂಗ್ಲಿಷ್ ಲಿಪಿ ಗೊತ್ತಿಲ್ಲ, ಹಾಗಾಗಿ ಈ ಪದಗಳನ್ನು ಕನ್ನಡ ಲಿಪಿಗೆ ತರಬೇಕು. ಅಕ್ಷರಕ್ಕೆ ಅಕ್ಷರ ಇಟ್ಟರೆ account ‘ಅಕ್ಕೌಂಟ್’ ಆಗಬಹುದು, ಆದರೆ schedule ‘ಸ್ಚೆದುಲೆ’ ಆಗುತ್ತದೆ. ಉಚ್ಚಾರಣೆ ಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸಿದ್ಧಪಡಿಸಿದ ಉಚ್ಚಾರಣೆ ನಿಘಂಟಿನಲ್ಲಿ 1,34,000ಕ್ಕೂ ಹೆಚ್ಚು ಪದಗಳಿವೆ, ಉಚಿತವಾಗಿ ಸಿಗುತ್ತದೆ. ಆದರೆ ಅದರಲ್ಲಿರುವುದು ಅಮೆರಿಕನ್ನರ ನಾಲಿಗೆ. ಅದನ್ನು ನಂಬಿದರೆ schedule ‘ಸ್ಕೆಜುಲ್’ ಆಗುತ್ತದೆ, ಕನ್ನಡಿಗರು ಹೇಳುವುದು ಶೆಡ್ಯೂಲ್. ಹಾಗಾಗಿ ಬ್ಯಾಂಕು, ಬಸ್ಸು, ಬಿಲ್ಲು, ಆಸ್ಪತ್ರೆಗಳ ಮಾತಿನಲ್ಲಿ ಪದೇ ಪದೇ ಬರುವ ಪದಗಳಿಗೆ ಕನ್ನಡಿಗರ ಉಚ್ಚಾರಣೆಯ ಸ್ವಂತ ನಿಘಂಟು ಮೊದಲು; ಅದರಲ್ಲಿ ಸಿಗದಿದ್ದರೆ ಮಾತ್ರ ದೊಡ್ಡ ನಿಘಂಟು.

ಕನ್ನಡ ಲಿಪಿಗೆ ಬಂದ ಮೇಲೂ ಎರಡು ಗಂಟು ಉಳಿಯುತ್ತವೆ. ಒಂದು ‘ಆ್ಯಪ್’ ಪದದ ಮೊದಲ ಸ್ವರ. ಸ್ವರಾಕ್ಷರಕ್ಕೆ ಯ ಒತ್ತು ಕೊಟ್ಟು ಬರೆಯುವ ಈ ರೂಪ ವ್ಯಾಕರಣದ ಲೆಕ್ಕಕ್ಕೆ ಸಿಗದು. ಒತ್ತು ವ್ಯಂಜನಕ್ಕೆ ಮಾತ್ರ ಬರುತ್ತದೆಂದು ನಂಬಿದ ಪ್ರೋಗ್ರಾಂ ಇಲ್ಲಿ ‘ಆಯಪ್’ ಎಂದೋ ‘ಆ’ ಎಂದೋ ಎಡವುತ್ತದೆ. ಇನ್ನೊಂದು ಫಕಾರ. ‘ಫಲ’ದಲ್ಲಿ ಅದು ಮಹಾಪ್ರಾಣ, ‘ಫೋನ್’ನಲ್ಲಿ ತುಟಿ-ಹಲ್ಲಿನ ಸದ್ದು. ಬರಹದಲ್ಲಿ ಎರಡೂ ಒಂದೇ ಅಕ್ಷರ. ‘ಬೆಳೆ ವಿಮೆಯ ಫಲಾನುಭವಿ’ ಎಂಬುದನ್ನು ಫೋನಿನ ಫಕಾರದಲ್ಲಿ ಹೇಳುವ ಯಂತ್ರಗಳಿವೆ. ಸಂಸ್ಕೃತದಿಂದ ಬಂದ ಫಕಾರದ ಪದಗಳು ಹೆಚ್ಚಿಲ್ಲ. ಅವನ್ನು ಪಟ್ಟಿ ಮಾಡಿ ಉಳಿದವಕ್ಕೆ ಇಂಗ್ಲಿಷ್ ಸದ್ದು ಕೊಟ್ಟರೆ ಕೆಲಸ ನಡೆಯುತ್ತದೆ.

ಫೋನ್ ನಂಬರನ್ನು ಕನ್ನಡದಲ್ಲಿ ಹೇಳಬೇಕೇ, ಇಂಗ್ಲಿಷಿನಲ್ಲೇ ಎಂಬುದೂ ಇಲ್ಲಿಯ ಪ್ರಶ್ನೆ. ಬೆಂಗಳೂರಿನಲ್ಲಿ ಎಷ್ಟೋ ಮಂದಿ ನಂಬರನ್ನು ‘ನೈನ್ ಫೋರ್’ ಎಂದೇ ಹೇಳುತ್ತಾರೆ, 500ಡಿ ಬಸ್ಸಿಗೆ ‘ಫೈವ್ ಹಂಡ್ರೆಡ್ ಡಿ’ ಎನ್ನುತ್ತಾರೆ. ಯಾವುದನ್ನು ಆರಿಸಿದರೂ ಬಾಲ ಅದಕ್ಕೆ ಹೊಂದಬೇಕು. ‘1912ಕ್ಕೆ’ ಎಂಬುದು ಕನ್ನಡದಲ್ಲಿ ‘ಒಂದು ಒಂಬತ್ತು ಒಂದು ಎರಡಕ್ಕೆ’, ಇಂಗ್ಲಿಷಿನಲ್ಲಿ ‘ಒನ್ ನೈನ್ ಒನ್ ಟೂಗೆ’.

ಅವಸರದ ಮಾತು

ಅಚ್ಚಾದ ಪುಸ್ತಕ ಓದುವ ಯಂತ್ರಕ್ಕೆ ಇಲ್ಲದ ಒಂದು ಒತ್ತಡ ಚಾಟ್‌ಬಾಟ್‌ಗೆ ಇದೆ. ಉತ್ತರ ಪೂರ್ತಿ ಬರೆದು ಮುಗಿಯುವ ತನಕ ಕಾದರೆ ಕೇಳುವವರು ಫೋನ್ ಇಟ್ಟುಬಿಡುತ್ತಾರೆ. ಆದ್ದರಿಂದ ಪಠ್ಯ ತುಂಡು ತುಂಡಾಗಿ ಬರುತ್ತಿದ್ದಂತೆ, ಚುಕ್ಕಿ ಕಂಡಲ್ಲಿ ಕತ್ತರಿಸಿ ಧ್ವನಿಗೆ ಕಳಿಸುತ್ತಾರೆ. ಒಂದು ತುಂಡು ‘ಸಂಜೆ 5.’ ಎಂದು ಬಂದು ಮುಂದಿನ ತುಂಡಿನಲ್ಲಿ ‘30ರವರೆಗೆ’ ಬಂದರೆ, ಅಷ್ಟು ಕಷ್ಟಪಟ್ಟು ಬರೆದ ಹೊತ್ತಿನ ನಿಯಮಕ್ಕೆ ಪೂರ್ತಿ ಹೊತ್ತೇ ಸಿಗುವುದಿಲ್ಲ. ಯಂತ್ರ “ಸಂಜೆ ಐದು” ಎಂದು ವಾಕ್ಯ ಮುಗಿಸಿಬಿಡುತ್ತದೆ. ಚುಕ್ಕಿ ಕಂಡ ಮೇಲೆ ಇನ್ನೊಂದು ಅಕ್ಷರ ಬರುವ ತನಕ ತಡೆಯುವುದೇ ಇದಕ್ಕೆ ಪರಿಹಾರ. ಬಂದದ್ದು ಅಂಕಿಯಾದರೆ ವಾಕ್ಯ ಮುಗಿದಿಲ್ಲ. ಚುಕ್ಕಿಯ ಹಿಂದಿನದು ‘ಡಾ’, ‘ದಿ’, ‘ಶೇ’ ಇವುಗಳಲ್ಲೊಂದಾದರೂ ಮುಗಿದಿಲ್ಲ.

ಇಷ್ಟೆಲ್ಲ ನಿಯಮ ಏಕೆ, ಉತ್ತರ ಬರೆಯುವ ಮಾದರಿಗೇ “ಅಂಕಿಗಳನ್ನು ಅಕ್ಷರದಲ್ಲಿ ಬರೆ” ಎಂದು ಹೇಳಿದರಾಗದೇ ಎಂದು ಯಾರಿಗಾದರೂ ತೋಚುತ್ತದೆ. ಹೆಚ್ಚು ಸಲ ಅದು ಸರಿಯಾಗಿಯೇ ಬರೆಯುತ್ತದೆ. ಸಮಸ್ಯೆ ಇರುವುದು ಅಪರೂಪಕ್ಕೆ ಆಗುವ ತಪ್ಪಿನ ಸ್ವಭಾವದಲ್ಲಿ. ಸ್ಪ್ರೋಟ್ ಮತ್ತು ನವದೀಪ್ ಜೈಟ್ಲಿ 2016ರಲ್ಲಿ ಇದೇ ಕೆಲಸಕ್ಕೆ ನರಜಾಲ ಮಾದರಿಗಳನ್ನು ಕಲಿಸಿ ನೋಡಿದರು. ಒಟ್ಟಾರೆ ನಿಖರತೆ ಚೆನ್ನಾಗಿಯೇ ಬಂತು, ಆದರೆ ಉಳಿದ ಕೆಲವು ತಪ್ಪುಗಳಲ್ಲಿ ಒಂದು ಅಳತೆಯ ಬದಲು ಇನ್ನೊಂದು, ಒಂದು ಸಂಖ್ಯೆಯ ಬದಲು ಬೇರೊಂದು ಬರುತ್ತಿತ್ತು. ನಿಯಮ ಬರೆದ ಪ್ರೋಗ್ರಾಂ ತಪ್ಪಿದರೆ ‘ಐದು ಕ್ಕೆ’ ಎಂದು ಒರಟಾಗಿ ತಪ್ಪುತ್ತದೆ, ಕೇಳಿದವರಿಗೆ ತಿಳಿಯುತ್ತದೆ. ಮಾದರಿ ತಪ್ಪಿದರೆ ‘ಸಾವಿರದ ಐನೂರ ಇಪ್ಪತ್ತು’ ಎಂದು ಸುಲಲಿತವಾಗಿ ತಪ್ಪುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ಹಣ, ತಾರೀಖು, ಫೋನ್ ನಂಬರುಗಳನ್ನು ನಿಯಮದ ಕೈಗೇ ಕೊಡುವುದು ಮೇಲು. ‘ದಿ.’ ಎಂಬಂಥ ಸಂದರ್ಭ ನೋಡಿ ಆರಿಸಬೇಕಾದ ಕಡೆ ಮಾದರಿಯ ಸಹಾಯ ಪಡೆಯಬಹುದು, ಆದರೆ ಆಯ್ಕೆಗಳ ಪಟ್ಟಿ ನಿಯಮವೇ ಕೊಟ್ಟದ್ದಾಗಿರಬೇಕು.

ಸರಿಯಾಗಿದೆಯೇ ಎಂದು ನೋಡುವುದು ಎರಡು ಬಗೆಯಲ್ಲಿ. ಮೊದಲನೆಯದು ಯಂತ್ರವೇ ಮಾಡುವ ಪರೀಕ್ಷೆ. ಸೊನ್ನೆಯಿಂದ 99,999ರವರೆಗಿನ ಒಂದು ಲಕ್ಷ ಸಂಖ್ಯೆಗಳನ್ನೂ ಪದ ಮಾಡಿ, ಆ ಪದಗಳನ್ನು ಬೇರೊಂದು ಪ್ರೋಗ್ರಾಮಿನಿಂದ ಮತ್ತೆ ಅಂಕಿಗೆ ತಿರುಗಿಸಿ, ಹೊರಟಲ್ಲಿಗೇ ಬಂತೇ ಎಂದು ನೋಡಬೇಕು. ಸಾಮಾನ್ಯ ಕಂಪ್ಯೂಟರಿಗೆ ಇದು ಕೆಲವೇ ಕ್ಷಣದ ಕೆಲಸ. ಇದರ ಜೊತೆಗೆ ಹೊತ್ತು, ಹಣ, ತಾರೀಖು, ಸಂಕ್ಷಿಪ್ತ ರೂಪ, ಇಂಗ್ಲಿಷ್ ಪದ ಎಂದು ವರ್ಗ ಮಾಡಿ ಕೆಲವು ನೂರು ವಾಕ್ಯಗಳನ್ನೂ ಅವುಗಳ ಸರಿಯಾದ ಓದನ್ನೂ ಬರೆದಿಟ್ಟುಕೊಳ್ಳಬೇಕು. ಒಂದು ನಿಯಮ ತಿದ್ದಿದಾಗಲೆಲ್ಲ ಅಷ್ಟನ್ನೂ ಮತ್ತೆ ಓಡಿಸಬೇಕು, ಏಕೆಂದರೆ ಹೊತ್ತಿನ ನಿಯಮ ತಿದ್ದಿದ ದಿನವೇ ಕಿಲೋಮೀಟರುಗಳು ಕೆಡುತ್ತವೆ.

ಎರಡನೆಯದಕ್ಕೆ ಮನುಷ್ಯರ ಕಿವಿ ಬೇಕು. ಪರದೆ ತೋರಿಸದೆ, ಫೋನಿನಲ್ಲಿ ಒಂದೇ ಸಲ ಕೇಳಿಸಿ, ಕೇಳಿದ್ದನ್ನು ಕಾಗದದ ಮೇಲೆ ಬರೆಯಲು ಹೇಳುತ್ತಾರೆ. ಎಪ್ಪತ್ತು ಎಂಬತ್ತರ ನಡುವೆ, ನಲವತ್ತು ಅರವತ್ತರ ನಡುವೆ ಫೋನಿನ ಸಣ್ಣ ದನಿಯಲ್ಲಿ ಎಷ್ಟು ಅಂತರ ಉಳಿದಿದೆ ಎಂಬುದು ಇಲ್ಲಿ ಬಯಲಾಗುತ್ತದೆ. ನಂಬರಿನ ಅಂಕಿಗಳ ನಡುವೆ ಬಿಡುವು ಸಾಕೇ ಎಂಬುದೂ ತಿಳಿಯುತ್ತದೆ.

ಕರೆಂಟ್ ಬಿಲ್ಲಿನ ಉತ್ತರ ಈ ಎಲ್ಲ ಹಂತ ದಾಟಿ ಕಿವಿಗೆ ಬರುವಾಗ ಹೀಗಿರುತ್ತದೆ: “ನಿಮ್ಮ ಬಿಲ್ ಸಾವಿರದ ಇನ್ನೂರ ಐವತ್ತು ರೂಪಾಯಿ ಐವತ್ತು ಪೈಸೆ. ಎರಡು ಸಾವಿರದ ಇಪ್ಪತ್ತೈದರ ಮಾರ್ಚ್ ಹದಿನೈದರ ಸಂಜೆ ಐದೂವರೆಯವರೆಗೆ ಯುಪಿಐಯಲ್ಲಿ ಕಟ್ಟಬಹುದು. ತೊಂದರೆಯಾದರೆ ಒಂದು, ಒಂಬತ್ತು, ಒಂದು, ಎರಡಕ್ಕೆ ಕರೆ ಮಾಡಿ.” ಕೇಳಿದವರ ಕಾಗದದಲ್ಲಿ ಮೊತ್ತ, ತಾರೀಖು, ಹೊತ್ತು, ನಂಬರು ನಾಲ್ಕೂ ಸರಿಯಾಗಿದ್ದರೆ ಪರೀಕ್ಷಕರು ಆ ವಾಕ್ಯಕ್ಕೆ ಗುರುತು ಹಾಕಿ ಪಟ್ಟಿಯ ಮುಂದಿನ ವಾಕ್ಯಕ್ಕೆ ಹೋಗುತ್ತಾರೆ.